ಎರಡೂ ಖರೆ, ಆದರೆ ಕೊಂಡಿ ಎಲ್ಲಿ?

ದೀಪಾವಳಿ ರಜೆ ಮುಗಿದ ವಾರ ನಮ್ಮ ಕಾಲೇಜಿನಲ್ಲಿ ಒಂದು ಅಭ್ಯಾಸ ಪರೀಕ್ಷೆ ನಡೆಯಿತು. ನಮ್ಮ ಇತಿಹಾಸದ ಸರ್ ಮತ್ತು ಭೌತಶಾಸ್ತ್ರದ ಮೇಡಂ ಕೂಡಿ ತಯಾರಿಸಿದ ಹತ್ತೇ ಪ್ರಶ್ನೆಗಳು. ಎಲ್ಲವೂ ಪ್ರತಿಪಾದನೆ ಮತ್ತು ಕಾರಣದ ಮಾದರಿಯವು. ಅಂಕ ಕೊಡುವ ರೀತಿ ನೀಟ್ ಪರೀಕ್ಷೆಯದೇ: ಸರಿಯಾದರೆ ನಾಲ್ಕು, ತಪ್ಪಾದರೆ ಒಂದು ಕಳೆತ. ಹತ್ತು ಪ್ರಶ್ನೆಗಳನ್ನು ನಾನು ಎಂಟೇ ನಿಮಿಷದಲ್ಲಿ ಮುಗಿಸಿ ಪೆನ್ನಿನ ಕ್ಯಾಪ್ ಹಾಕಿ ಕುಳಿತೆ. ಪಕ್ಕದ ಬೆಂಚಿನ ಗೆಳತಿ ಇನ್ನೂ ಐದನೆಯದರಲ್ಲಿ ಇದ್ದಳು. ಅವಳನ್ನು ನೋಡಿ ನನಗೆ ಸ್ವಲ್ಪ ಮರುಕವೂ ಆಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಮರುದಿನ ನನ್ನ ಹಾಳೆ ಬಂತು. ನಾಲ್ಕು ಸರಿ, ಆರು ತಪ್ಪು. ಹದಿನಾರರಲ್ಲಿ ಆರು ಕಳೆದರೆ ಹತ್ತು. ನಲವತ್ತಕ್ಕೆ ಹತ್ತು. ಗೆಳತಿಗೆ ಮೂವತ್ತೈದು.

ನನಗೆ ಬೇಸರಕ್ಕಿಂತ ಹೆಚ್ಚಾಗಿ ಆಶ್ಚರ್ಯವಾಯಿತು. ಏಕೆಂದರೆ ಆ ಹಾಳೆಯಲ್ಲಿ ನನಗೆ ಗೊತ್ತಿಲ್ಲದ ವಿಷಯ ಬಹುತೇಕ ಇರಲಿಲ್ಲ. ತಪ್ಪಾದ ಆರರಲ್ಲಿ ಐದು ಒಂದೇ ತರಹದವು. ಐದರಲ್ಲೂ ನಾನು ಮೊದಲನೇ ಆಯ್ಕೆಗೆ ಗುರುತು ಹಾಕಿದ್ದೆ, ಐದರಲ್ಲೂ ಸರಿಯುತ್ತರ ಎರಡನೆಯದು.

ಈ ಮಾದರಿ ಪರಿಚಯವಿಲ್ಲದ ಕಲಾ ವಿಭಾಗದ ತಂಗಿಯರಿಗೆ, ತಮ್ಮಂದಿರಿಗೆ ಮೊದಲು ಅದನ್ನು ಹೇಳಿಬಿಡುತ್ತೇನೆ. ಪ್ರಶ್ನೆಯಲ್ಲಿ ಎರಡು ವಾಕ್ಯ ಇರುತ್ತವೆ. ಮೇಲಿನದು ಪ್ರತಿಪಾದನೆ, ಅಂದರೆ ಹೀಗಿದೆ ಎಂದು ಹೇಳುವ ಮಾತು. ಕೆಳಗಿನದು ಕಾರಣ. ಕೆಲವು ಪತ್ರಿಕೆಗಳಲ್ಲಿ ಮೇಲಿನದನ್ನು ಸಮರ್ಥನೆ ಎಂದೂ ಅಚ್ಚು ಹಾಕಿರುತ್ತಾರೆ. ಸಾಮಾನ್ಯವಾಗಿ ಕಾಣುವ ನಾಲ್ಕು ಆಯ್ಕೆಗಳು ಇವು. ಮೊದಲನೆಯದು, ಎರಡೂ ಸರಿ ಮತ್ತು ಕಾರಣವು ಪ್ರತಿಪಾದನೆಯ ಸರಿಯಾದ ವಿವರಣೆ. ಎರಡನೆಯದು, ಎರಡೂ ಸರಿ, ಆದರೆ ಕಾರಣವು ಪ್ರತಿಪಾದನೆಯ ಸರಿಯಾದ ವಿವರಣೆಯಲ್ಲ. ಮೂರನೆಯದು, ಪ್ರತಿಪಾದನೆ ಸರಿ, ಕಾರಣ ತಪ್ಪು. ನಾಲ್ಕನೆಯದು, ಪ್ರತಿಪಾದನೆ ತಪ್ಪು, ಕಾರಣ ಸರಿ. ಒಂದೊಂದು ಕಡೆ ಎರಡೂ ತಪ್ಪು ಎನ್ನುವ ಆಯ್ಕೆಯನ್ನೂ ಸೇರಿಸುತ್ತಾರೆ. ಹಿಂದೆ ಏಮ್ಸ್ ವೈದ್ಯಕೀಯ ಪ್ರವೇಶ ಪರೀಕ್ಷೆ ಈ ಪ್ರಶ್ನೆಗಳಿಗೇ ಹೆಸರಾಗಿತ್ತು. 2020ರಿಂದ ಆ ಪರೀಕ್ಷೆ ನಿಂತು ಎಲ್ಲವೂ ನೀಟ್‌ನಲ್ಲಿ ಸೇರಿತು, ಪ್ರಶ್ನೆಯ ಮಾದರಿ ಮಾತ್ರ ಹೋಗಲಿಲ್ಲ.

ನನ್ನ ಐದು ತಪ್ಪುಗಳಲ್ಲಿ ನನಗೆ ಬಹಳ ಚುಚ್ಚಿದ್ದು ನಮ್ಮೂರಿನದೇ ಪ್ರಶ್ನೆ. ನಾನು ಕಿತ್ತೂರಿನವಳು. ಕೋಟೆಯ ಗೋಡೆ ನೋಡುತ್ತಲೇ ಬೆಳೆದವಳು. ದಿನಾ ಬಸ್ಸಿನಲ್ಲಿ ಬೈಲಹೊಂಗಲಕ್ಕೆ ಬರುತ್ತೇನೆ, ಅಂದರೆ ಚೆನ್ನಮ್ಮ ರಾಣಿಯಾಗಿದ್ದ ಊರಿನಿಂದ ಅವರ ಸಮಾಧಿ ಇರುವ ಊರಿಗೆ. ಪ್ರಶ್ನೆ ಹೀಗಿತ್ತು:

ಪ್ರತಿಪಾದನೆ: 1824ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಕಿತ್ತೂರಿನ ದತ್ತಕವನ್ನು ಒಪ್ಪಲಿಲ್ಲ.

ಕಾರಣ: ಗವರ್ನರ್ ಜನರಲ್ ಡಾಲ್ಹೌಸಿ ದತ್ತುಮಕ್ಕಳಿಗೆ ರಾಜ್ಯದ ಹಕ್ಕಿಲ್ಲ ಎಂಬ ನೀತಿಯನ್ನು ಜಾರಿಗೆ ತಂದನು.

ಇದನ್ನು ಓದಿದ ಕೂಡಲೇ ನನ್ನ ಕೈ ಮೊದಲನೇ ಆಯ್ಕೆಗೆ ಹೋಯಿತು. ಯೋಚಿಸಲು ಏನಿದೆ? ಕಿತ್ತೂರು, ದತ್ತಕ, ಡಾಲ್ಹೌಸಿ. ನಾಟಕ, ಭಾಷಣ, ಉತ್ಸವದ ವೇದಿಕೆ ಎಲ್ಲ ಕಡೆ ಈ ಮೂರು ಮಾತು ಒಟ್ಟಿಗೇ ಕಿವಿಗೆ ಬಿದ್ದಿವೆ. ಹಾಳೆ ಹಿಡಿದುಕೊಂಡು ಸ್ಟಾಫ್ ರೂಮಿಗೆ ಹೋದೆ.

“ಸರ್, ಇದು ತಪ್ಪು ಹೆಂಗ್ರಿ? ನಾನು ಕಿತ್ತೂರಾಕಿ.”

ಸರ್ ನಕ್ಕರು. “ಕಿತ್ತೂರಾಕಿ ಅಂತನ ಆ ಪ್ರಶ್ನೆ ಇಟ್ಟೀನವಾ. ಡಾಲ್ಹೌಸಿ ಹಿಂದೂಸ್ತಾನಕ್ಕ ಗವರ್ನರ್ ಜನರಲ್ ಆಗಿ ಯಾವಾಗ ಬಂದ?”

“1848 ರೀ.”

“ಕಿತ್ತೂರ ಜಗಳ?”

“1824.” ಹೇಳುವಾಗಲೇ ನನಗೆ ಹೊಳೆಯಿತು. ಇಪ್ಪತ್ನಾಲ್ಕು ವರ್ಷ. ಇನ್ನೂ ಬಾರದ ಮನುಷ್ಯ ತಂದ ನೀತಿ ಇಪ್ಪತ್ನಾಲ್ಕು ವರ್ಷ ಹಿಂದೆ ಹೋಗಿ ಕಿತ್ತೂರಿನ ದತ್ತಕವನ್ನು ತಡೆಯಲು ಸಾಧ್ಯವೇ?

ಎರಡೂ ಇಸವಿ ನನಗೆ ಬಾಯಿಪಾಠ ಇದ್ದವು. ಕೇಳಿದರೆ ನಿದ್ದೆಯಲ್ಲೂ ಹೇಳುತ್ತಿದ್ದೆ. ಆದರೆ ಪರೀಕ್ಷೆಯಲ್ಲಿ ಅವೆರಡನ್ನೂ ಎದುರುಬದುರು ನಿಲ್ಲಿಸಲೇ ಇಲ್ಲ. ಮೇಲಿನ ವಾಕ್ಯ ಸರಿ, ಕೆಳಗಿನದೂ ಸರಿ, ಎರಡರಲ್ಲೂ ದತ್ತಕ ಎನ್ನುವ ಮಾತಿದೆ. ಅಷ್ಟಕ್ಕೇ ನನ್ನ ತಲೆ ನಡುವೆ ತಾನಾಗಿ ಒಂದು ‘ಏಕೆಂದರೆ’ ಬರೆದುಕೊಂಡಿತ್ತು. ಹಾಳೆಯ ಮೇಲೆ ಆ ಪದ ಇರಲೇ ಇಲ್ಲ.

ನಾನು ಸುಮ್ಮನಾಗಲಿಲ್ಲ. “ಸರ್, ಡಾಲ್ಹೌಸಿಗಿಂತ ಮೊದಲೂ ಕಂಪನಿ ದತ್ತಕ ಒಪ್ಪದ ಉದಾಹರಣೆ ಇತ್ತಲ್ರಿ? ಕಿತ್ತೂರೇ ಒಂದು” ಎಂದೆ. ಸರ್ ಇದನ್ನು ಒಪ್ಪಿದರು. ಅಂಥ ಆಲೋಚನೆ ಕಂಪನಿಯಲ್ಲಿ ಮೊದಲೇ ಇತ್ತು, ಡಾಲ್ಹೌಸಿ ಅದನ್ನು ಸಾತಾರಾ, ನಾಗಪುರ, ಝಾನ್ಸಿಗಳ ಮೇಲೆ ಸಾಲಾಗಿ ಪ್ರಯೋಗಿಸಿದ. 1824ರ ಸಂಗತಿಗೆ ವಿವರಣೆ ಬೇಕಾದರೆ ಆ ವರ್ಷದಲ್ಲೇ ಹುಡುಕಬೇಕು ಎಂದರು. ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡ ಹೊತ್ತಿನಲ್ಲಿ ದತ್ತಕದ ಕಾಗದ ಧಾರವಾಡದಲ್ಲಿದ್ದ ಕಲೆಕ್ಟರ್ ಥ್ಯಾಕರೆಯ ಕೈಗೆ ಬಂತು. ಆತ ಆ ಕಾಗದವನ್ನೇ ಸಂಶಯದಿಂದ ನೋಡಿದ. ಕಂಪನಿಯ ಪೂರ್ವಾನುಮತಿ ಇಲ್ಲದೆ ದತ್ತಕ ಆಗಿದೆ ಎಂಬುದು ಅವರ ಕಡೆಯ ಮಾತು. ಆಗ ಗವರ್ನರ್ ಜನರಲ್ ಆಗಿದ್ದವನು ಆಮ್‌ಹರ್ಸ್ಟ್. “ಕಾರಣದ ಜಾಗಾದಾಗ ‘ದತ್ತಕಕ್ಕೆ ಕಂಪನಿಯ ಪೂರ್ವಾನುಮತಿ ಇರಲಿಲ್ಲ ಎಂದು ಥ್ಯಾಕರೆ ವಾದಿಸಿದನು’ ಅಂತ ಇದ್ದಿದ್ರ ನಿನ್ನ ಉತ್ತರ ಸರಿ ಆಗ್ತಿತ್ತು” ಎಂದರು.

ಪ್ರತಿಪಾದನೆ ಅದೇ, ಬದಲಾದದ್ದು ಕಾರಣ ಮಾತ್ರ. ಉತ್ತರ ಎರಡರಿಂದ ಒಂದಕ್ಕೆ ಹೋಯಿತು. ಇದನ್ನು ನಾನು ಟಿಪ್ಪಣಿ ವಹಿಯಲ್ಲಿ ಬರೆದುಕೊಂಡೆ.

ಮೇಡಂ ಇಟ್ಟಿದ್ದ ಪ್ರಶ್ನೆ ನನ್ನನ್ನು ಬೇರೆ ರೀತಿಯಲ್ಲಿ ಕೆಡವಿತ್ತು.

ಪ್ರತಿಪಾದನೆ: ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯಲ್ಲಿಟ್ಟ ನೀರು ತಂಪಾಗುತ್ತದೆ.

ಕಾರಣ: ನೀರಿನ ವಿಶಿಷ್ಟ ಉಷ್ಣ ಹೆಚ್ಚು.

ಇಲ್ಲಿ ಇಸವಿಗಳಿಲ್ಲ, ಹಿಂದುಮುಂದು ನೋಡುವಂತಿಲ್ಲ. ಎರಡೂ ವಾಕ್ಯ ಸರಿಯೇ. ಎರಡರಲ್ಲೂ ನೀರಿದೆ, ಎರಡೂ ಉಷ್ಣತೆಯ ಪಾಠದವು. ನಾನು ಮತ್ತೆ ಒಂದನೆಯದಕ್ಕೆ ಗುರುತು ಹಾಕಿದ್ದೆ. ಮೇಡಂ ತರಗತಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: “ನಿಮ್ಮ ಮನ್ಯಾಗ ಸ್ಟೀಲಿನ ಕೊಡ ಐತಿ? ಅದರೊಳಗಿನ ನೀರಿನ ವಿಶಿಷ್ಟ ಉಷ್ಣ ಕಡಿಮಿ ಇರತೈತೇನು?”

ಎಲ್ಲರೂ ಸುಮ್ಮನಾದೆವು. ರಂಜಾನ್ ಬೇಸಿಗೆಯಲ್ಲಿ ಬಂದಾಗ ಇಫ್ತಾರಿಗೆ ನಮ್ಮ ಮನೆಯಲ್ಲಿ ಗಡಿಗೆಯ ನೀರನ್ನೇ ಕೊಡುವುದು. ಸ್ಟೀಲಿನ ಕೊಡದ ನೀರು ಪಕ್ಕದಲ್ಲೇ ಇರುತ್ತದೆ, ಅದನ್ನು ಯಾರೂ ಮುಟ್ಟುವುದಿಲ್ಲ. ಎರಡರಲ್ಲೂ ಅದೇ ನಳದ ನೀರು, ಅದೇ ವಿಶಿಷ್ಟ ಉಷ್ಣ. ಹಾಗಿದ್ದರೆ ವ್ಯತ್ಯಾಸಕ್ಕೆ ಅದು ಕಾರಣವಾಗುವುದು ಹೇಗೆ? ಗಡಿಗೆಯ ಮೈಯಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ. ನೀರು ಹೊರಗೆ ಜಿನುಗಿ ಆವಿಯಾಗುತ್ತದೆ, ಆವಿಯಾಗಲು ಬೇಕಾದ ಶಾಖವನ್ನು ಒಳಗಿನ ನೀರಿನಿಂದ ಎಳೆದುಕೊಳ್ಳುತ್ತದೆ. ಸ್ಟೀಲಿನ ಮೈಯಿಂದ ಏನೂ ಜಿನುಗುವುದಿಲ್ಲ.

ಮೇಡಂ ಲೆಕ್ಕವನ್ನೂ ಮಾಡಿಸಿದರು. ನಮ್ಮ ಕಡೆಯ ಬೇಸಿಗೆಯ ಶಾಖದಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಬೇಕು. ಒಂದು ಗ್ರಾಂ ನೀರಿನ ಉಷ್ಣತೆ ಒಂದು ಡಿಗ್ರಿ ಇಳಿಯಬೇಕಾದರೆ ಅದರಿಂದ ಸುಮಾರು 4.2 ಜೂಲ್ ಹೊರಗೆ ಹೋಗಬೇಕು. ಭಾಗಿಸಿದರೆ ಒಂದು ಗ್ರಾಂ ಆವಿಯಾಗಿ ಹೋದರೆ ಹತ್ತಿರ ಹತ್ತಿರ 570 ಗ್ರಾಂ ನೀರು ಒಂದು ಡಿಗ್ರಿ ತಂಪಾಗಬಹುದು. ಹೊರಗಿನ ಬಿಸಿ ಒಳಗೆ ಬರುತ್ತಲೇ ಇರುವುದರಿಂದ ನಿಜವಾಗಿ ಇಷ್ಟು ಆಗುವುದಿಲ್ಲ. ಈ ಲೆಕ್ಕದಲ್ಲಿ ನನಗೆ ಇಷ್ಟವಾದದ್ದು ಬೇರೆಯೇ: ವಿಶಿಷ್ಟ ಉಷ್ಣ ಇರುವುದು ಭಾಜಕದ ಜಾಗದಲ್ಲಿ. ಅದು ಹೆಚ್ಚಾದಷ್ಟೂ ನೀರು ತಂಪಾಗುವುದು ಕಡಿಮೆಯೇ! ಅಂದರೆ ನಾನು ಕಾರಣ ಎಂದು ಒಪ್ಪಿಕೊಂಡದ್ದು ಪ್ರತಿಪಾದನೆಗೆ ಸಹಾಯ ಮಾಡುವ ಬದಲು ಅದಕ್ಕೆ ಅಡ್ಡಗಾಲು ಹಾಕುವಂಥದ್ದು.

ಆ ಸ್ಟೀಲಿನ ಕೊಡ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಕಾರಣ ಹಾಗೇ ಇದ್ದೂ ಪ್ರತಿಪಾದನೆ ಸುಳ್ಳಾಗುವ ಒಂದು ಜಾಗ ಸಿಕ್ಕರೆ, ಅಲ್ಲಿಗೆ ಆ ಕಾರಣ ಪೂರಾ ವಿವರಣೆ ಅಲ್ಲ ಎಂದು ಗೊತ್ತಾಗುತ್ತದೆ. ಪ್ರತಿ ಪ್ರಶ್ನೆಗೂ ಇಂಥ ಕೊಡ ಸಿಗುವುದಿಲ್ಲ, ಇತಿಹಾಸದಲ್ಲಂತೂ ಅಪರೂಪ. ವಿಜ್ಞಾನದಲ್ಲಿ ಮಾತ್ರ ಹುಡುಕಿದರೆ ಬಹಳ ಸಲ ಸಿಗುತ್ತದೆ.

ಮೂರನೇ ತಪ್ಪು ಸಂಗೊಳ್ಳಿ ರಾಯಣ್ಣನದು. ಪ್ರತಿಪಾದನೆ, ಭಾರತದ ಸಂವಿಧಾನ 1950ರ ಜನವರಿ 26ರಂದು ಜಾರಿಗೆ ಬಂತು. ಕಾರಣ, ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಇಲ್ಲಿ ಇಸವಿಗಳ ಪರೀಕ್ಷೆಯೂ ಪಾಸಾಗುತ್ತದೆ ನೋಡಿ, ಕಾರಣ ಮೊದಲು, ಫಲ ಆಮೇಲೆ. ನಮ್ಮ ಭಾಗದಲ್ಲಿ ಈ ತಾರೀಖಿನ ಮಾತು ಹೆಮ್ಮೆಯಿಂದ ಹೇಳುವಂಥದ್ದು, ನನಗೂ ಹೆಮ್ಮೆ ಇದೆ. ಆದರೆ ತಾರೀಖು ಕೂಡಿಬಂದದ್ದು ಕಾರಣ ಅಲ್ಲ. ಸಂವಿಧಾನ ಅಂಗೀಕಾರವಾದದ್ದು 1949ರ ನವೆಂಬರ್ 26ಕ್ಕೆ. ಪೂರ್ತಿ ಜಾರಿಗೆ ತರಲು ಎರಡು ತಿಂಗಳು ಕಾದು ಜನವರಿ 26ನ್ನು ಆರಿಸಿದ್ದಕ್ಕೆ ಕಾರಣ, 1930ರಲ್ಲಿ ಕಾಂಗ್ರೆಸ್ ಅದೇ ದಿನವನ್ನು ಪೂರ್ಣ ಸ್ವರಾಜ್ಯದ ದಿನವಾಗಿ ಆಚರಿಸಿತ್ತು. ನಂದಗಡದಿಂದ ಸಂವಿಧಾನ ಸಭೆಗೆ ಹೋಗುವ ದಾರಿ ತೋರಿಸು ಎಂದರೆ ನನ್ನ ಹತ್ತಿರ ಏನೂ ಇರಲಿಲ್ಲ.

ಸರ್ ಹೇಳಿದ ಆ ‘ದಾರಿ ತೋರಿಸು’ ಎನ್ನುವ ಮಾತೇ ಈಗ ನಾನು ಮಾಡುವ ಮೂರನೇ ಕೆಲಸ. ಮೊದಲ ಎರಡು ಕೆಲಸ ಕೈಯಿಂದ ಮಾಡುವಂಥವು. ಸ್ಕೇಲನ್ನು ಕಾರಣದ ವಾಕ್ಯದ ಮೇಲೆ ಮುಚ್ಚಿ ಪ್ರತಿಪಾದನೆಯನ್ನು ಮಾತ್ರ ಓದುತ್ತೇನೆ. ಸರಿಯೋ ತಪ್ಪೋ, ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕುತ್ತೇನೆ. ಆಮೇಲೆ ಸ್ಕೇಲನ್ನು ಮೇಲೆ ಸರಿಸಿ ಪ್ರತಿಪಾದನೆ ಮುಚ್ಚಿ ಕಾರಣವನ್ನು ಮಾತ್ರ ಓದುತ್ತೇನೆ. ಈ ಎರಡನೇ ಸಲ ಮುಚ್ಚುವುದನ್ನು ಬಹಳ ಮಂದಿ ಬಿಡುತ್ತಾರೆ. ಆದರೆ ಮೇಲಿನದು ಸರಿ ಎಂದು ಒಮ್ಮೆ ಮನಸ್ಸಿಗೆ ಬಂದರೆ ಕೆಳಗಿನದಕ್ಕೂ ಅದರ ಬಣ್ಣ ಹತ್ತುತ್ತದೆ. ಆ ಪರೀಕ್ಷೆಯಲ್ಲೇ ಒಂದು ಪ್ರಶ್ನೆ ಇತ್ತು: 1824ರ ಅಕ್ಟೋಬರ್ 23ರ ಕಿತ್ತೂರಿನ ಕದನದಲ್ಲಿ ಥ್ಯಾಕರೆ ಸತ್ತನು, ಕಾರಣ ಬೆಳಗಾವಿ ಜಿಲ್ಲೆಯ ಕಲೆಕ್ಟರ್ ಆಗಿ ಆತ ಅಲ್ಲಿಗೆ ಸೈನ್ಯ ತಂದಿದ್ದನು. ಎಷ್ಟು ನಯವಾಗಿ ಹೊಂದುತ್ತದೆ! ನಾವೆಲ್ಲ ಬೆಳಗಾವಿ ಜಿಲ್ಲೆಯವರು, ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಥ್ಯಾಕರೆ ಧಾರವಾಡದ ಕಲೆಕ್ಟರ್. ಬೆಳಗಾವಿ ಬೇರೆ ಜಿಲ್ಲೆಯಾದದ್ದೇ 1836ರಲ್ಲಿ. ಆತ ಸೈನ್ಯ ತಂದದ್ದು ನಿಜವಾದರೂ ವಾಕ್ಯದ ಒಂದು ತುಂಡು ಸುಳ್ಳಾದರೆ ವಾಕ್ಯವೇ ಸುಳ್ಳು. ಉತ್ತರ ಮೂರನೆಯದು. ಇದೊಂದನ್ನು ನಾನು ಸರಿ ಬರೆದಿದ್ದೆ, ಅದೂ ಧಾರವಾಡದ ವಿಷಯ ಹಿಂದಿನ ದಿನವಷ್ಟೇ ಓದಿದ್ದರಿಂದ.

ಪ್ರತಿಪಾದನೆಯೇ ತಪ್ಪಾಗಿದ್ದದ್ದು ನನ್ನ ಆರನೇ ತಪ್ಪು. ರಾಣಿ ಚೆನ್ನಮ್ಮ ಕಿತ್ತೂರಿನ ಕೋಟೆಯಲ್ಲಿ ತೀರಿಕೊಂಡರು ಎಂದಿತ್ತು, ಕೆಳಗೆ ಕಂಪನಿಯವರು ಅವರನ್ನು ಸೆರೆಯಲ್ಲಿ ಇಟ್ಟಿದ್ದರು ಎಂದಿತ್ತು. ನಾನು ಎರಡನ್ನೂ ಒಟ್ಟಿಗೆ ಓದಿದೆ. ಸೆರೆ ಮತ್ತು ಸಾವು ಎರಡು ಪದಗಳು ಕಣ್ಣಿಗೆ ಬಿದ್ದವು, ಊರಿನ ಹೆಸರು ಬೀಳಲಿಲ್ಲ. ಅವರು 1829ರಲ್ಲಿ ತೀರಿಕೊಂಡದ್ದು ಬೈಲಹೊಂಗಲದ ಸೆರೆಯಲ್ಲಿ. ಬೈಲಹೊಂಗಲದ ಬೆಂಚಿನ ಮೇಲೆ ಕುಳಿತೇ ನಾನು ಅದನ್ನು ತಪ್ಪು ಮಾಡಿದೆ. ಗೆಳತಿಯರು ಇದನ್ನು ಇನ್ನೂ ಬಿಟ್ಟಿಲ್ಲ. ಪ್ರತಿಪಾದನೆ ತಪ್ಪು ಎಂದು ಗೊತ್ತಾದ ಮೇಲೆ ವಿವರಣೆಯ ಮಾತೇ ಏಳುವುದಿಲ್ಲ. ಆಗದೇ ಇದ್ದದ್ದಕ್ಕೆ ಕಾರಣ ಎಲ್ಲಿಂದ ತರುವುದು? ಹಾಗಾಗಿ ಮೂರನೇ ಕೆಲಸ ಮಾಡಬೇಕಾದದ್ದು ಎರಡೂ ಪೆನ್ಸಿಲ್ ಗುರುತು ಸರಿ ಎಂದು ಬಿದ್ದಾಗ ಮಾತ್ರ. ಉಳಿದ ಪ್ರಶ್ನೆಗಳಲ್ಲಿ ಆ ಸಮಯ ಉಳಿಯುತ್ತದೆ.

ಮೂರನೇ ಕೆಲಸ ಎಂದರೆ ನಡುವಿನ ಕೊಂಡಿಗಳನ್ನು ಒಂದೊಂದಾಗಿ ಮನಸ್ಸಿನಲ್ಲೇ ಹೇಳುವುದು. ಸರಿಯಾದ ವಿವರಣೆ ಇದ್ದಾಗ ಇದು ಎಷ್ಟು ಸಲೀಸು ಎನ್ನುವುದಕ್ಕೆ ಜೀವಶಾಸ್ತ್ರದ ಒಂದು ಪ್ರಶ್ನೆ ಹೇಳುತ್ತೇನೆ. ಬಹಳ ಎತ್ತರದ ಬೆಟ್ಟದ ಊರಿನಲ್ಲಿ ಕೆಲವು ವಾರ ಇದ್ದವರ ರಕ್ತದಲ್ಲಿ ಕೆಂಪು ರಕ್ತಕಣಗಳು ಹೆಚ್ಚುತ್ತವೆ, ಇದು ಪ್ರತಿಪಾದನೆ. ಎತ್ತರದಲ್ಲಿ ಆಮ್ಲಜನಕದ ಆಂಶಿಕ ಒತ್ತಡ ಕಡಿಮೆ, ಇದು ಕಾರಣ. ಕೊಂಡಿ ಹೇಳಿ ನೋಡಿ. ಒತ್ತಡ ಕಡಿಮೆಯಾದ್ದರಿಂದ ರಕ್ತಕ್ಕೆ ಸೇರುವ ಆಮ್ಲಜನಕ ಕಡಿಮೆ. ಮೂತ್ರಪಿಂಡ ಅದನ್ನು ಗುರುತಿಸಿ ಎರಿತ್ರೋಪೊಯೆಟಿನ್ ಎಂಬ ಹಾರ್ಮೋನನ್ನು ಹೆಚ್ಚು ಬಿಡುತ್ತದೆ. ಅದರಿಂದ ಅಸ್ಥಿಮಜ್ಜೆ ಹೆಚ್ಚು ಕಣಗಳನ್ನು ತಯಾರಿಸುತ್ತದೆ. ಕಾರಣದಿಂದ ಹೊರಟು ಎಲ್ಲೂ ಜಿಗಿಯದೆ ಪ್ರತಿಪಾದನೆಗೆ ಬಂದು ಮುಟ್ಟಿದೆವು. ಗಡಿಗೆಯ ಪ್ರಶ್ನೆಯಲ್ಲಿ ವಿಶಿಷ್ಟ ಉಷ್ಣದಿಂದ ಹೊರಟರೆ ಎರಡನೇ ಹೆಜ್ಜೆಯೇ ಸಿಗುವುದಿಲ್ಲ. ಸುಮ್ಮನೆ ‘ಏಕೆಂದರೆ’ ಸೇರಿಸಿ ಓದಿ ನೋಡಿ ಎಂದು ಕೆಲವು ಗೈಡುಗಳಲ್ಲಿ ಬರೆದಿರುತ್ತಾರೆ. ನನ್ನ ಅನುಭವದಲ್ಲಿ ಅದೇ ಅಪಾಯ. ‘ಏಕೆಂದರೆ’ ಯಾವ ಎರಡು ವಾಕ್ಯದ ನಡುವೆಯೂ ಹಾಯಾಗಿ ಕೂರುತ್ತದೆ, ಕಿವಿಗೂ ಇಂಪಾಗಿರುತ್ತದೆ. ನನ್ನ ಐದು ತಪ್ಪು ಅದರದೇ.

ಇಷ್ಟೆಲ್ಲ ನನಗೆ ಪರೀಕ್ಷೆಯ ಲೆಕ್ಕವಾಗಿಯೇ ಉಳಿಯುತ್ತಿತ್ತು. ಡಿಸೆಂಬರಿನ ಎರಡನೇ ಅಭ್ಯಾಸ ಪರೀಕ್ಷೆಯಲ್ಲಿ ಬಂದ ಒಂದು ಪ್ರಶ್ನೆ ನನ್ನನ್ನು ಮಾಮುವಿನ ಮನೆಯ ಬಾಗಿಲಲ್ಲಿ ನಿಲ್ಲಿಸಿತು.

ಪ್ರತಿಪಾದನೆ: 2019ರ ಆಗಸ್ಟಿನಲ್ಲಿ ರಾಮದುರ್ಗ ತಾಲೂಕಿನ ಮಲಪ್ರಭಾ ದಂಡೆಯ ಊರುಗಳಿಗೆ ನೀರು ನುಗ್ಗಿತು.

ಕಾರಣ: ಮಲಪ್ರಭಾ ನದಿ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತದೆ.

ನನ್ನ ಮಾಮು ಇರುವುದು ಅಂಥ ಒಂದು ಹಳ್ಳಿಯಲ್ಲಿ. ಹೊಲಿಗೆ ಕೆಲಸ, ಮನೆಯ ಮುಂದಿನ ಕೋಣೆಯೇ ಅಂಗಡಿ. ಆ ವರ್ಷ ಬಕ್ರೀದ್ ಆಗಸ್ಟ್ 12ಕ್ಕೆ ಇತ್ತು. ಹಬ್ಬಕ್ಕೆಂದು ಊರವರು ಕೊಟ್ಟ ಬಟ್ಟೆ ಗಂಟು ಗಂಟಾಗಿ ಕೋಣೆಯಲ್ಲಿತ್ತು. ನೀರು ಬರುತ್ತದಂತೆ ಎಂದು ಓಣಿಯಲ್ಲಿ ಮಾತು ಎದ್ದಾಗ ಮಾಮು ಅಂಗಳಕ್ಕೆ ಬಂದು ಆಕಾಶ ನೋಡಿದರಂತೆ. ಅವರ ಊರಲ್ಲಿ ಆಗ ಬೀಳುತ್ತಿದ್ದದ್ದು ಜಿಟಿಜಿಟಿ ಮಳೆ. “ಈ ಮಳಿಗೆ ಹೊಳಿ ಏರತೈತೇನು?” ಎಂದು ಒಳಗೆ ಹೋಗಿ ಮತ್ತೆ ಮಷೀನಿನ ಮುಂದೆ ಕುಳಿತರು. ಮುಮಾನಿ ಮಕ್ಕಳನ್ನು ಕರೆದುಕೊಂಡು ಶಾಲೆಯ ಕಡೆ ಹೊರಟಾಗಲೂ ಗಂಟುಗಳನ್ನು ಎತ್ತಿಡಲಿಲ್ಲ. ರಾತ್ರಿ ನೀರು ಬಂತು. ಜೀವಕ್ಕೆ ಏನೂ ಆಗಲಿಲ್ಲ, ಅಲ್ಹಮ್ದುಲಿಲ್ಲಾಹ್. ಎರಡು ಮಷೀನು, ಎರಡು ಚೀಲ ಜೋಳ, ಊರವರ ಹಬ್ಬದ ಬಟ್ಟೆ ಎಲ್ಲ ಕೆಸರಿನಲ್ಲಿ ಹೋಯಿತು. ಆ ಬಟ್ಟೆಯ ಹಣವನ್ನು ಮಾಮು ಒಂದೂವರೆ ವರ್ಷ ಕಂತಿನಲ್ಲಿ ತೀರಿಸಿದರು.

ಮಾಮು ಅಂಗಳದಲ್ಲಿ ನಿಂತು ಹೇಳಿದ ಎರಡು ಮಾತೂ ಖರೆ. ಇಲ್ಲಿ ಮಳೆ ಜೋರಿಲ್ಲ ಎನ್ನುವುದು ಖರೆ. ಜೋರು ಮಳೆ ಬಂದರೆ ಹೊಳೆ ಏರುತ್ತದೆ ಎನ್ನುವುದೂ ಖರೆ. ತಪ್ಪಿದ್ದು ಕೊಂಡಿಯಲ್ಲಿ. ಅವರ ಊರಿನ ಹೊಳೆ ಏರುವುದು ಅವರ ಊರಿನ ಮಳೆಯಿಂದ ಅಲ್ಲ. ಮಲಪ್ರಭೆ ಪಶ್ಚಿಮ ಘಟ್ಟದ ಸೆರಗಿನಲ್ಲಿ ಹುಟ್ಟಿ, ಖಾನಾಪುರದ ದೊಡ್ಡ ಮಳೆಯನ್ನು ಹೊತ್ತುಕೊಂಡು ಸವದತ್ತಿ ತಾಲೂಕಿನ ನವಿಲುತೀರ್ಥದ ಅಣೆಕಟ್ಟಿಗೆ ಬರುತ್ತದೆ. ಅಲ್ಲಿ ರೇಣುಕಾ ಸಾಗರ ತುಂಬಿ, ಒಳಗೆ ಬರುವ ನೀರು ನಿಲ್ಲದಿದ್ದರೆ ಗೇಟು ತೆಗೆದು ಬಿಡಲೇಬೇಕು. ಬಿಟ್ಟ ನೀರು ಕೆಳಗೆ ರಾಮದುರ್ಗದ ಕಡೆಗೆ ಹೋಗುತ್ತದೆ. ಮಳೆ ಒಂದು ತಾಲೂಕಿನದು, ಅಣೆಕಟ್ಟು ಇನ್ನೊಂದರದು, ನೀರು ನುಗ್ಗುವ ಮನೆ ಮೂರನೆಯದರದು. ಅಂಗಳದಿಂದ ಕಾಣುವ ಆಕಾಶದಲ್ಲಿ ಇದು ಯಾವುದೂ ಇರಲಿಲ್ಲ.

ಹಾಗಾದರೆ ಆ ಪ್ರಶ್ನೆಗೆ ಉತ್ತರ ಏನು? ಎರಡೂ ವಾಕ್ಯ ಸರಿ ಎನ್ನುವುದರಲ್ಲಿ ಸಂಶಯವಿಲ್ಲ. ಮೂರನೇ ಕೆಲಸಕ್ಕೆ ಬಂದಾಗ ನಾನು ಬಹಳ ಹೊತ್ತು ನಿಂತೆ. ಕಣಕುಂಬಿಯಿಂದ ರಾಮದುರ್ಗಕ್ಕೆ ನಾನೇ ಈಗ ದಾರಿ ತೋರಿಸಿದೆನಲ್ಲ? ಆದರೆ ನದಿ ಕಣಕುಂಬಿಯಲ್ಲಿ 2018ರಲ್ಲೂ ಹುಟ್ಟುತ್ತಿತ್ತು, 2017ರಲ್ಲೂ ಹುಟ್ಟುತ್ತಿತ್ತು. ಆ ವರ್ಷಗಳಲ್ಲಿ ಮಾಮುವಿನ ಮನೆಗೆ ನೀರು ಬಂದಿರಲಿಲ್ಲ. ಇದೇ ನನ್ನ ಸ್ಟೀಲಿನ ಕೊಡ ಎಂದುಕೊಂಡೆ. ನದಿ ಎಲ್ಲಿ ಹುಟ್ಟುತ್ತದೆ ಎನ್ನುವುದು, ಊರಲ್ಲಿ ಮಳೆ ಇಲ್ಲದೆಯೂ ನೆರೆ ಬರುವುದು ಹೇಗೆ ಎನ್ನುವುದನ್ನು ವಿವರಿಸುತ್ತದೆ. ಆ ಆಗಸ್ಟಿನಲ್ಲೇ ಏಕೆ ಬಂತು ಎನ್ನುವುದನ್ನು ವಿವರಿಸುವುದಿಲ್ಲ. ಪ್ರತಿಪಾದನೆಯಲ್ಲಿ ವರ್ಷ ಮತ್ತು ತಿಂಗಳು ಅಚ್ಚಾಗಿದೆ, ಆದ್ದರಿಂದ ವಿವರಣೆಯೂ ಆ ವರ್ಷ ಆ ತಿಂಗಳಿನದೇ ಬೇಕು. ಎರಡನೆಯದಕ್ಕೆ ಗುರುತು ಹಾಕಿದೆ. ಸರ್ ಕೊಟ್ಟ ಉತ್ತರವೂ ಅದೇ.

ಗೆಳತಿ ಒಂದನೆಯದು ಹಾಕಿದ್ದಳು, ಈ ಸಲ ಸ್ಟಾಫ್ ರೂಮಿಗೆ ಹೋದದ್ದು ಅವಳು. ಅವಳ ವಾದದಲ್ಲೂ ಸತ್ವ ಇತ್ತು. ಕಾರಣ ಎನ್ನುವುದು ಒಂದೇ ಎಳೆ ಅಲ್ಲ, ನದಿ ಘಟ್ಟದಲ್ಲಿ ಹುಟ್ಟದಿದ್ದರೆ ಆ ನೆರೆಯೇ ಇಲ್ಲ ಎಂದಳು. ಸರ್ ಅವಳ ಮಾತು ತಳ್ಳಿಹಾಕಲಿಲ್ಲ. ಅರ್ಧ ವಿವರಿಸುವ ಕಾರಣವನ್ನು ಕೊಟ್ಟು ಪೂರಾ ವಿವರಿಸುತ್ತದೆಯೇ ಎಂದು ಕೇಳುವುದು ಪ್ರಶ್ನೆ ತೆಗೆದವರ ಸೋಲು, ಅದು ತಮ್ಮದೇ ಎಂದು ಒಪ್ಪಿಕೊಂಡು ಕಾರಣದ ವಾಕ್ಯವನ್ನು ತಿದ್ದಿದರು: ‘ಜಲಾನಯನ ಪ್ರದೇಶದಲ್ಲಿ ಭಾರಿ ಮಳೆಯಾಗಿ ನವಿಲುತೀರ್ಥದಿಂದ ಹೆಚ್ಚು ನೀರು ಬಿಡಲಾಯಿತು.’ ಹೀಗಾದರೆ ನಾವಿಬ್ಬರೂ ಒಂದನೆಯದನ್ನೇ ಹಾಕುತ್ತಿದ್ದೆವು. ದೊಡ್ಡ ಪರೀಕ್ಷೆಯಲ್ಲಿ ಇಂಥದ್ದು ಬಂದರೆ ವಾಕ್ಯ ತಿದ್ದಿ ಕೊಡಲು ಯಾರೂ ಇರುವುದಿಲ್ಲ. ಅಲ್ಲಿ ನಾನು ಪ್ರತಿಪಾದನೆಯ ಶಬ್ದಗಳನ್ನೇ ಹಿಡಿಯುತ್ತೇನೆ. ತಾರೀಖು, ‘ಮಾತ್ರ’, ‘ಎಲ್ಲ’, ‘ಯಾವಾಗಲೂ’ ಇವುಗಳಲ್ಲಿ ಯಾವುದನ್ನು ಕಾರಣ ಮುಟ್ಟಿಲ್ಲ ಎಂದು ನೋಡುತ್ತೇನೆ. ಒಂದು ನಿಮಿಷ ದಾಟಿದರೆ ಬಿಟ್ಟು ಮುಂದೆ ಹೋಗುತ್ತೇನೆ.

ಎರಡನೇ ಪರೀಕ್ಷೆಯಲ್ಲಿ ನನಗೆ ಒಂಬತ್ತು ಸರಿಯಾದವು. ಹತ್ತನೆಯದರಲ್ಲಿ ನನ್ನ ತರ್ಕ ಸರಿ ಇತ್ತು, ಆದರೆ ಆ ಪ್ರಶ್ನೆಗೆ ಮಾತ್ರ ಆಯ್ಕೆಗಳ ಕ್ರಮ ಬದಲಾಗಿತ್ತು. ಎರಡನೇ ಜಾಗದಲ್ಲಿ ‘ಎರಡೂ ತಪ್ಪು’ ಇತ್ತು. ನಾನು ಓದದೆ ಅಭ್ಯಾಸಬಲದಿಂದ ಎರಡಕ್ಕೆ ಗುರುತು ಹಾಕಿದ್ದೆ. ಅದಕ್ಕೂ ಈಗ ಸ್ಕೇಲು ಇಡುತ್ತೇನೆ.

ರಜೆಯಲ್ಲಿ ಮಾಮುವಿನ ಊರಿಗೆ ಹೋದಾಗ ಈ ಪ್ರಶ್ನೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, “ಇದನ್ನ ಯಾರು ಬರದಾರವಾ, ನಮ್ಮ ಓಣಿಯವರೇನು?” ಎಂದರು. ಹೊಸ ಮಷೀನುಗಳು ಈಗ ಹಲಗೆಯ ಕಟ್ಟೆಯ ಮೇಲೆ ಇವೆ. ಜುಲೈ ಬಂದರೆ ಮಾಮು ಆಕಾಶ ನೋಡುವುದಿಲ್ಲ. ಅಣೆಕಟ್ಟಿಗೆ ಹತ್ತಿರದ ಮುನವಳ್ಳಿಯಲ್ಲಿ ಅವರ ಹಳೆಯ ಗಿರಾಕಿ ಒಬ್ಬರಿದ್ದಾರೆ. ಎರಡು ದಿನಕ್ಕೊಮ್ಮೆ ಅವರಿಗೆ ಫೋನ್ ಹಚ್ಚಿ, ಸಲಾಂ ಹೇಳಿ, ಮೊದಲು ಕೇಳುವುದು ಒಂದೇ: “ಖಾನಾಪುರದಾಗ ಹೆಂಗೈತಿ ಮಳಿ? ಗೇಟ್ ತಗದಾರೇನು?”